ಎಂಸಿಪಿ ಮತ್ತು ಕರ್ನೆಲ್ ಎರಡೂ ಒಂದೇ ಉತ್ತರ ಕೊಟ್ಟು ಎರಡೂ ತಪ್ಪಿದಾಗ: ಹೋಮ್ ರೇಂಜ್ ಲೆಕ್ಕದ ದೋಷ ನಿವಾರಣೆ

ಪ್ರಾಣಿಯ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಅದರ ಹೋಮ್ ರೇಂಜ್, ಅಂದರೆ ವಾಸವ್ಯಾಪ್ತಿ ಅಳೆಯುವವರು ಸಾಮಾನ್ಯವಾಗಿ ಎರಡು ಲೆಕ್ಕ ಮಾಡುತ್ತಾರೆ. ಒಂದು ಕನಿಷ್ಠ ಪೀನ ಬಹುಭುಜ. ಎಲ್ಲ ಸ್ಥಾನಬಿಂದುಗಳನ್ನೂ ಒಳಗೊಳ್ಳುವ, ಎಲ್ಲಿಯೂ ಒಳಕ್ಕೆ ಬಾಗದ ಅತಿ ಚಿಕ್ಕ ಬಹುಭುಜ ಅದು. ವಾಡಿಕೆಯಲ್ಲಿ ಅದನ್ನು ಎಂಸಿಪಿ ಎನ್ನುತ್ತಾರೆ. ಇನ್ನೊಂದು ಕರ್ನೆಲ್ ಸಾಂದ್ರತೆ. ಪ್ರತಿ ಬಿಂದುವಿನ ಮೇಲೂ ಒಂದು ಸಣ್ಣ ದಿಬ್ಬ ಇಟ್ಟು, ಎಲ್ಲ ದಿಬ್ಬಗಳನ್ನೂ ಕೂಡಿಸಿ, ಪ್ರಾಣಿ ಶೇಕಡಾ 95 ಭಾಗ ಸಮಯ ಕಳೆಯುವ ಜಾಗಕ್ಕೆ ಗಡಿ ಎಳೆಯುವುದು. ಎರಡೂ ಹತ್ತಿರ ಹತ್ತಿರದ ಸಂಖ್ಯೆ ಕೊಟ್ಟರೆ ಲೆಕ್ಕ ಸರಿಯಿದೆ ಎಂದು ಮುಂದಕ್ಕೆ ಹೋಗುವುದು ರೂಢಿ. ಈ ಕೈಪಿಡಿ ಆ ರೂಢಿಯ ಬಗ್ಗೆಯೇ. ಎರಡೂ ವಿಧಾನ ಒಪ್ಪಿದ್ದರೂ ಉತ್ತರ ಆರು ಪಟ್ಟು ತಪ್ಪಿರಬಹುದು. ಅದನ್ನು ಪತ್ತೆ ಹಚ್ಚುವ ದಾರಿ ಇಲ್ಲಿದೆ.

ಉದಾಹರಣೆ

ಚಳ್ಳಕೆರೆ ಕಡೆಯ ಕಾವಲಿನ ಅಂಚಿನಲ್ಲಿರುವ ಒಂದು ಹಟ್ಟಿಯ ಕುರಿನಾಯಿಯನ್ನು ತೆಗೆದುಕೊಳ್ಳೋಣ. ಅಂಕಿಗಳು ವಿಧಾನ ತಿಳಿಸಲು ಕಟ್ಟಿದವು, ಆದರೆ ಬಯಲುಸೀಮೆಯ ನಾಯಿಯ ದತ್ತಾಂಶ ಬಹುಮಟ್ಟಿಗೆ ಹೀಗೆಯೇ ಬರುತ್ತದೆ. ಕಾವಲಿನ ನರಿ, ತೋಳ, ಕೃಷ್ಣಮೃಗಗಳ ಮೇಲೆ ನಾಯಿಗಳ ಒತ್ತಡ ಎಷ್ಟು ಎಂದು ತಿಳಿಯಬೇಕಾದರೆ ನಾಯಿ ಎಷ್ಟು ದೂರ ಓಡಾಡುತ್ತದೆ ಎನ್ನುವುದೇ ಮೊದಲ ಪ್ರಶ್ನೆ. ನಾಯಿಗೆ ಪಟ್ಟಿ ಕಟ್ಟಲು ಮಾಲೀಕರ ಒಪ್ಪಿಗೆ ಬೇಕು. ಕಾಡುಪ್ರಾಣಿಯಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು.

ಪಟ್ಟಿ ಅರ್ಧ ಗಂಟೆಗೊಮ್ಮೆ ಸ್ಥಾನ ದಾಖಲಿಸುತ್ತದೆ. 40 ದಿನಗಳಲ್ಲಿ ಸುಮಾರು 1,870 ಬಿಂದುಗಳು ಸಿಕ್ಕಿವೆ. ನಾಯಿ ಮೂರರಲ್ಲಿ ಎರಡು ಪಾಲು ಸಮಯ ಹಟ್ಟಿಯಲ್ಲೇ ಇರುತ್ತದೆ. ಉಳಿದ ಸಮಯ ಊರ ತಿಪ್ಪೆ, ಹಳ್ಳ, ಶೇಂಗಾ ಹೊಲ, ಕಾವಲಿನ ಅಂಚು ಎಂದು ಸುತ್ತಾಡುತ್ತದೆ. ಲೆಕ್ಕ ಹಾಕಿದಾಗ ಬಂದ ಉತ್ತರಗಳಿವು: ಎಲ್ಲ ಬಿಂದುಗಳ ಎಂಸಿಪಿ 34 ಚದರ ಕಿಲೋಮೀಟರ್, ಶೇಕಡಾ 95ರ ಎಂಸಿಪಿ 32, ಶೇಕಡಾ 95ರ ಕರ್ನೆಲ್ ಕೂಡ 32. ನೋಡಿದವರಿಗೆ ಅನುಮಾನ ಹುಟ್ಟುವ ಕಾರಣವೇ ಇಲ್ಲ.

ಅನುಮಾನ ಹುಟ್ಟಬೇಕಾದದ್ದು ನಕ್ಷೆಯಲ್ಲಿ. ಎರಡು ಗಡಿಗಳನ್ನೂ ಒಂದರ ಮೇಲೊಂದು ಹಾಕಿ ನೋಡಿ. ಎಂಸಿಪಿ ಹಟ್ಟಿಯಿಂದ ಪೂರ್ವಕ್ಕೆ 18 ಕಿಲೋಮೀಟರ್ ಚಾಚಿದ ಉದ್ದನೆಯ ಬೆಣೆಯಾಗಿದೆ. ಕರ್ನೆಲ್ ಎರಡು ಬೇರೆ ಬೇರೆ ದ್ವೀಪಗಳಾಗಿದೆ: ಹಟ್ಟಿಯ ಸುತ್ತ 24 ಚದರ ಕಿಲೋಮೀಟರಿನ ಒಂದು, ದೂರದಲ್ಲಿ 8ರ ಇನ್ನೊಂದು. ಸಂಖ್ಯೆ ಒಂದೇ, ಜಾಗ ಬೇರೆ. ಹೀಗಾಗಿ ಮೊದಲ ನಿಯಮ ಇದು: ವಿಸ್ತೀರ್ಣಗಳನ್ನು ಹೋಲಿಸುವ ಮೊದಲು ಆಕಾರಗಳನ್ನು ಹೋಲಿಸಬೇಕು.

ಮೊದಲು ಅಕ್ಷಾಂಶ, ರೇಖಾಂಶದ ಗೊಂದಲ ಕಳೆಯಿರಿ

ಇದು ಬೇಗ ಮುಗಿಯುವ ಪರೀಕ್ಷೆ, ಆದರೆ ಬಿಡಬಾರದು. ವಿಸ್ತೀರ್ಣ `2.5e-08` ಎಂಬಂಥ ಅತಿ ಸಣ್ಣ ಸಂಖ್ಯೆಯಾಗಿ ಬಂದರೆ ಡಿಗ್ರಿಗಳನ್ನು ಮೀಟರ್ ಎಂದು ತಿಳಿದು ಲೆಕ್ಕ ನಡೆದಿದೆ ಎಂದರ್ಥ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳು, ಭೂಮಿಯನ್ನು ವಲಯಗಳಾಗಿ ಹಂಚಿ ಸ್ಥಾನವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯ 43ನೇ ಉತ್ತರ ವಲಯದಲ್ಲಿ ಬರುತ್ತವೆ, ಅದರ ಸಂಕೇತ `EPSG:32643`. ಪರಿವರ್ತನೆಯ ನಂತರ ಚಳ್ಳಕೆರೆ ಸುತ್ತಮುತ್ತಲಿನ ಬಿಂದುವಿನ ಪೂರ್ವ ಅಂಕಿ 6,78,000ರ ಆಸುಪಾಸು, ಉತ್ತರ ಅಂಕಿ 15,82,000ರ ಆಸುಪಾಸು ಇರಬೇಕು. ಅಕ್ಷಾಂಶ ರೇಖಾಂಶ ಅದಲು ಬದಲಾಗಿದ್ದರೆ ನಾಯಿ ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಬಳಿ ಸಮುದ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿನ ಆಜ್ಞೆಗಳು ಆರ್ ತಂತ್ರಾಂಶದವು, `d` ಎಂದರೆ ಪಟ್ಟಿಯಿಂದ ಬಂದ ಬಿಂದುಗಳ ಕೋಷ್ಟಕ.

```r
library(sf); library(sp); library(adehabitatHR)
p  <- st_as_sf(d, coords = c("lon", "lat"), crs = 4326)
p  <- st_transform(p, 32643)
xy <- as(st_geometry(p), "Spatial")
mcp(xy, percent = 100, unin = "m", unout = "km2")
```

ಸಮಯದ ಕಾಲಂ ಕೂಡ ನೋಡಿ. ಪಟ್ಟಿಗಳು ಸಾಮಾನ್ಯವಾಗಿ ಯುಟಿಸಿ ಸಮಯ ಬರೆಯುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿಯ ಓಡಾಟ ಬೇರೆ ಮಾಡುವಾಗ ಇದನ್ನು ಮರೆತರೆ ರಾತ್ರಿ ಎಂದು ಆರಿಸಿದ ಬಿಂದುಗಳಲ್ಲಿ ಬೆಳಗಿನದೂ ಸೇರಿರುತ್ತದೆ.

ದಿನಕ್ಕೆ ದಿನ ಸೇರಿಸಿ ವಿಸ್ತೀರ್ಣದ ಗೆರೆ ಎಳೆಯಿರಿ

ಇಡೀ ಪತ್ತೆ ಕೆಲಸದಲ್ಲಿ ಒಂದೇ ಪರೀಕ್ಷೆಗೆ ಸಮಯವಿದ್ದರೆ ಇದನ್ನೇ ಮಾಡಿ. ಮೊದಲ ದಿನದ ಬಿಂದುಗಳ ಎಂಸಿಪಿ, ಮೊದಲ ಎರಡು ದಿನಗಳ ಎಂಸಿಪಿ, ಹೀಗೆ 40ನೇ ದಿನದವರೆಗೆ. ಅಡ್ಡ ಗೆರೆಯಲ್ಲಿ ದಿನ, ಉದ್ದ ಗೆರೆಯಲ್ಲಿ ವಿಸ್ತೀರ್ಣ.

ಗೆರೆ ಮೂರು ಬಗೆಯಲ್ಲಿ ಬರಬಹುದು. ಏರಿ ಸಮತಟ್ಟಾದರೆ ಪ್ರಾಣಿ ಒಂದು ವ್ಯಾಪ್ತಿಯಲ್ಲಿ ನೆಲೆಸಿದೆ, ದತ್ತಾಂಶ ಸಾಕಾಗಿದೆ. ಕೊನೆಯವರೆಗೂ ನಿಧಾನವಾಗಿ ಏರುತ್ತಲೇ ಇದ್ದರೆ ಪ್ರಾಣಿ ಇನ್ನೂ ಹೊಸ ಜಾಗ ಹಿಡಿಯುತ್ತಿದೆ ಅಥವಾ ಅಲೆಮಾರಿಯಾಗಿದೆ. ಆಗ ಯಾವ ವಿಧಾನದ ಯಾವ ಸಂಖ್ಯೆಯನ್ನೂ ಹೋಮ್ ರೇಂಜ್ ಎಂದು ಬರೆಯಬಾರದು. ಮೂರನೆಯದು ಮೆಟ್ಟಿಲು.

ನಮ್ಮ ನಾಯಿಯದು ಮೆಟ್ಟಿಲು. ಮೂರನೇ ವಾರದ ಹೊತ್ತಿಗೆ ಗೆರೆ 5.2 ಚದರ ಕಿಲೋಮೀಟರಿಗೆ ಬಂದು ಅಲುಗಾಡದೆ ನಿಂತಿದೆ. 26ನೇ ದಿನ ಒಮ್ಮೆಲೇ 30 ದಾಟುತ್ತದೆ, 28ರ ಹೊತ್ತಿಗೆ 34 ಆಗಿ ಮತ್ತೆ ಸಮತಟ್ಟು. ಆ ಮೂರು ದಿನಗಳಲ್ಲಿ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ, ಹಟ್ಟಿಗೆ ಹೋಗಿ ಕೇಳಬೇಕು. ಈ ಉದಾಹರಣೆಯಲ್ಲಿ ಕುರಿಗಾಹಿ ಕೊಡುವ ಉತ್ತರ ಸರಳ: “ಶೇಂಗಾ ಕಿತ್ತ ಹೊಲದಲ್ಲಿ ಮಂದೆ ನಿಲ್ಲಿಸಲು ಕರೆದಿದ್ದರು, ಕುರಿ ಹೊಡೆದುಕೊಂಡು ಹೋಗಿದ್ದೆವು. ನಾಯಿಯೂ ಬಂದಿತ್ತು.” ವೇದಾವತಿ ದಂಡೆಯ ಆ ಹೊಲ ಹಟ್ಟಿಯಿಂದ 18 ಕಿಲೋಮೀಟರ್. ಬಿಂದುಗಳು ಸುಳ್ಳಲ್ಲ, ಜಿಪಿಎಸ್ ತಪ್ಪಲ್ಲ. ನಾಯಿ ನಿಜಕ್ಕೂ ಅಲ್ಲಿತ್ತು.

ಶೇಕಡಾ 95 ಏಕೆ ಕಾಪಾಡಲಿಲ್ಲ

ದೂರದ ಬಿಂದುಗಳ ಕಾಟ ತಪ್ಪಿಸಲೆಂದೇ ಶೇಕಡಾ 95ರ ಎಂಸಿಪಿ ಇದೆ ಎಂದು ಎಲ್ಲರೂ ನಂಬಿರುತ್ತಾರೆ. ಅದು ಮಾಡುವುದು ಇಷ್ಟೆ: ಎಲ್ಲ ಬಿಂದುಗಳ ಸರಾಸರಿ ಕೇಂದ್ರ ಹುಡುಕಿ, ಅದಕ್ಕೆ ಅತಿ ದೂರದ ಶೇಕಡಾ 5 ಬಿಂದುಗಳನ್ನು ಕೈಬಿಡುತ್ತದೆ. ಮೂರು ದಿನಗಳ ಪ್ರವಾಸದಲ್ಲಿ ಸುಮಾರು 140 ಬಿಂದುಗಳಿವೆ. ಅದು 1,870ರಲ್ಲಿ ಶೇಕಡಾ 7.5. ಶೇಕಡಾ 5 ಎಂದರೆ 94 ಬಿಂದುಗಳು ಮಾತ್ರ ಹೋಗುತ್ತವೆ, ಉಳಿದ ನಲವತ್ತಾರು ಅದೇ ಹೊಲದಲ್ಲೇ ಕುಳಿತಿರುತ್ತವೆ. ಬೆಣೆಯ ತುದಿ ಸ್ವಲ್ಪ ಮೊಂಡಾಗುತ್ತದೆ, ಉದ್ದ ಹಾಗೆಯೇ ಉಳಿಯುತ್ತದೆ. 34 ಇದ್ದದ್ದು 32 ಆದದ್ದು ಹೀಗೆ.

ಪ್ರವಾಸ ಒಂದೇ ದಿನದ್ದಾಗಿದ್ದರೆ ಶೇಕಡಾ 2.5 ಆಗುತ್ತಿತ್ತು, ಪೂರ್ತಿ ಮಾಯವಾಗುತ್ತಿತ್ತು. ಅಂದರೆ ಶೇಕಡಾ 95 ಎಂಬುದಕ್ಕೆ ಪ್ರಾಣಿಯ ಜೀವನಕ್ರಮದ ಜೊತೆ ಸಂಬಂಧವಿಲ್ಲ. ಪ್ರವಾಸ ಎರಡು ದಿನದ್ದೋ ಮೂರು ದಿನದ್ದೋ ಎಂಬುದರ ಮೇಲೆ ಉತ್ತರ ಆರು ಪಟ್ಟು ಬದಲಾಗುವುದಾದರೆ ಆ ಸಂಖ್ಯೆಯನ್ನು ಯಾರ ಮುಂದೆಯೂ ಇಡಬಾರದು. ಇದನ್ನು ಕಣ್ಣಾರೆ ನೋಡಬೇಕಾದರೆ `mcp.area` ಆಜ್ಞೆಯಿಂದ ಶೇಕಡಾ 80ರಿಂದ 100ರವರೆಗಿನ ವಿಸ್ತೀರ್ಣಗಳನ್ನು ಒಂದೊಂದೇ ಶೇಕಡಾ ಹೆಚ್ಚಿಸುತ್ತಾ ಎಳೆಯಿರಿ. ನಮ್ಮ ನಾಯಿಯದು 92ರವರೆಗೆ ಐದರ ಆಸುಪಾಸನ್ನು ಮೀರದೆ ಇದ್ದು 93ರಲ್ಲಿ ನೆಗೆಯುತ್ತದೆ. ನೆಗೆತ ಕಂಡ ಕಡೆ ಒಂದು ಕಥೆ ಇದೆ, ಹೋಗಿ ಕೇಳಬೇಕು.

ಕರ್ನೆಲ್ ಏಕೆ ಉಬ್ಬಿತು

ಕರ್ನೆಲ್ ತಪ್ಪಿದ್ದು ಬೇರೆಯೇ ಕಾರಣಕ್ಕೆ. ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ಬ್ಯಾಂಡ್‌ವಿಡ್ತ್, ಅಂದರೆ ಪ್ರತಿ ಬಿಂದುವಿನ ಮೇಲಿಟ್ಟ ದಿಬ್ಬದ ಅಗಲ. ಅದನ್ನು `h` ಎಂದು ಬರೆಯುತ್ತಾರೆ. ನಾವಾಗಿ ಕೊಡದಿದ್ದರೆ ತಂತ್ರಾಂಶ ಈ ಸೂತ್ರದಿಂದ ಲೆಕ್ಕ ಹಾಕಿಕೊಳ್ಳುತ್ತದೆ:

```
h = sqrt( (var(x) + var(y)) / 2 ) * n^(-1/6)
```

ಬಿಂದುಗಳೆಲ್ಲ ಒಂದೇ ಗುಂಪಾಗಿ, ನಡುವೆ ದಟ್ಟವಾಗಿ ಅಂಚಿಗೆ ತೆಳುವಾಗಿ ಹರಡಿವೆ ಎಂದು ಈ ಸೂತ್ರ ನಂಬಿಕೊಂಡಿದೆ. ಎರಡು ಗುಂಪುಗಳು 18 ಕಿಲೋಮೀಟರ್ ದೂರವಿದ್ದಾಗ ಆ ದೂರವೇ ಹರವಿನೊಳಗೆ ಸೇರಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡೋಣ. ಹಟ್ಟಿಯ ಸುತ್ತಲಿನ ಓಡಾಟದ ಹರವು, ಅಂದರೆ ಮಾನಕ ವಿಚಲನೆ, ಒಂದೊಂದು ದಿಕ್ಕಿಗೆ ಸುಮಾರು 385 ಮೀಟರ್. ಪ್ರವಾಸ ಸೇರಿದರೆ ಪೂರ್ವ ಪಶ್ಚಿಮ ದಿಕ್ಕಿನ ಹರವು 4.7 ಕಿಲೋಮೀಟರಿಗೆ ಏರುತ್ತದೆ, ಎರಡೂ ದಿಕ್ಕು ಕೂಡಿಸಿದ ಹರವು ಸುಮಾರು 3.4 ಕಿಲೋಮೀಟರ್. 1,870ರ ಆರನೇ ಮೂಲ 3.5. ಭಾಗಿಸಿದರೆ `h` ಸುಮಾರು 960 ಮೀಟರ್. ಪ್ರವಾಸದ ಬಿಂದುಗಳನ್ನು ಬೇರೆ ಮಾಡಿ ಅದೇ ಸೂತ್ರ ಹಾಕಿದರೆ 110 ಮೀಟರ್.

ಇದರ ಪರಿಣಾಮ ಹಟ್ಟಿಯ ಬಳಿಯೇ ಕಾಣುತ್ತದೆ. ಮಾಮೂಲಿ ದಿನಗಳಲ್ಲಿ ನಾಯಿ ಹಟ್ಟಿಯಿಂದ ಒಂದೂವರೆ ಕಿಲೋಮೀಟರ್ ದಾಟಿದ್ದಿಲ್ಲ. ಆದರೂ ಕರ್ನೆಲ್ ಗಡಿ 2.7 ಕಿಲೋಮೀಟರ್ ದೂರದಲ್ಲಿ ಹೋಗುತ್ತದೆ. ದೂರದ ಹೊಲದಲ್ಲಿ ಕಳೆದ ಮೂರು ದಿನಗಳಿಂದಾಗಿ ಹಟ್ಟಿಯ ಸುತ್ತಲಿನ ಗಡಿಯೂ ಊದಿಕೊಂಡಿದೆ. ಈ ದೋಷವನ್ನು ಗುರುತಿಸುವುದು ಸುಲಭ: ಶೇಕಡಾ 95ರ ಕರ್ನೆಲ್ ಗಡಿ ಎಲ್ಲ ದಿಕ್ಕಿನಲ್ಲೂ ಬಿಂದುಗಳನ್ನು ಬಿಟ್ಟು ಬಹಳ ಆಚೆ ಹೋಗಿದ್ದರೆ `h` ಅತಿಯಾಗಿದೆ.

```r
ud <- kernelUD(xy, h = "href", grid = 300)
ud@h$h
getverticeshr(ud, percent = 95, unin = "m", unout = "km2")
```

ಮೇಲಿನ `grid = 300` ಸುಮ್ಮನೆ ಬರೆದದ್ದಲ್ಲ. ಏನೂ ಹೇಳದಿದ್ದರೆ ತಂತ್ರಾಂಶ ಬದಿಗೆ 60 ಚೌಕಗಳ ಜಾಲ ಹಾಸುತ್ತದೆ, ಅದೂ ಬಿಂದುಗಳು ಚಾಚಿದ ಉದ್ದದ ಸುಮಾರು ಮೂರು ಪಟ್ಟು ಅಗಲಕ್ಕೆ. 20 ಕಿಲೋಮೀಟರ್ ಉದ್ದಕ್ಕೆ 60 ಕಿಲೋಮೀಟರ್ ಜಾಲ ಎಂದರೆ ಒಂದೊಂದು ಚೌಕವೂ ಒಂದು ಕಿಲೋಮೀಟರ್. ಹಟ್ಟಿ, ತಿಪ್ಪೆ, ಹಳ್ಳ ಎಲ್ಲವೂ ಒಂದೇ ಚೌಕದೊಳಗೆ ಬಿದ್ದುಬಿಡುತ್ತವೆ. ಚೌಕದ ಅಳತೆ `h`ಗಿಂತ ಸಾಕಷ್ಟು ಚಿಕ್ಕದಿರಬೇಕು, ನಾಲ್ಕನೇ ಒಂದು ಪಾಲಿದ್ದರೆ ನನಗೆ ಸಮಾಧಾನ.

`h` ದೊಡ್ಡದಾಯಿತೆಂದು ಕೆಲವರು `LSCV` ಎಂಬ ಇನ್ನೊಂದು ಆಯ್ಕೆಗೆ ಹೋಗುತ್ತಾರೆ. ನಾಯಿಯ ದತ್ತಾಂಶಕ್ಕೆ ಅದು ಒಗ್ಗುವುದಿಲ್ಲ. ಸಾವಿರಕ್ಕೂ ಹೆಚ್ಚು ಬಿಂದುಗಳು ಹಟ್ಟಿಯ ಒಂದೇ ಅಂಗಳದಲ್ಲಿ ರಾಶಿ ಬಿದ್ದಿರುವಾಗ ಆ ವಿಧಾನ `h` ಅನ್ನು ಸೊನ್ನೆಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ಉತ್ತರ ಚೂರು ಚೂರು ದ್ವೀಪಗಳಾಗಿ ಬರುತ್ತದೆ, ಪರಿಹಾರಕ್ಕೆ ತಲುಪಲಿಲ್ಲ ಎಂಬ ಎಚ್ಚರಿಕೆಯೂ ತೆರೆಯ ಮೇಲೆ ಕಾಣುತ್ತದೆ. ಆ ಎಚ್ಚರಿಕೆ ಕಂಡಮೇಲೂ ಬಂದ ಸಂಖ್ಯೆಯನ್ನು ಕೋಷ್ಟಕಕ್ಕೆ ಏರಿಸುವುದು ನನಗೆ ಒಪ್ಪಲಾಗದ ಕೆಲಸ.

ತಗಡಿನ ಮಾಡಿನ ಕೆಳಗಿನ ಬಿಂದುಗಳು

ಪ್ರವಾಸ ಬೇರೆ ಮಾಡಿದ ಮೇಲೂ ಎಂಸಿಪಿಯ ಒಂದೆರಡು ಮೂಲೆಗಳು ಅನುಮಾನ ಹುಟ್ಟಿಸಬಹುದು. ಮಧ್ಯಾಹ್ನ ಎರಡಕ್ಕೆ ನಾಯಿ ಹಟ್ಟಿಯಲ್ಲಿದೆ, ಎರಡೂವರೆಗೆ 900 ಮೀಟರ್ ದೂರದ ಬೋಳುಗುಡ್ಡದ ಮೇಲಿದೆ, ಮೂರಕ್ಕೆ ಮತ್ತೆ ಹಟ್ಟಿಯಲ್ಲಿದೆ. ಬಿಸಿಲಲ್ಲಿ ನಾಯಿ ತಗಡಿನ ಮಾಡಿನ ಕೆಳಗೆ ಮಲಗಿರುತ್ತದೆ, ಅಲ್ಲಿ ಉಪಗ್ರಹದ ಸಂಕೇತ ನೇರವಾಗಿ ಸಿಗದೆ ಗೋಡೆಗೆ ತಗಡಿಗೆ ಬಡಿದು ಬರುತ್ತದೆ. ಸ್ಥಾನ ಎಲ್ಲೋ ತೋರುತ್ತದೆ.

ಎಲ್ಲರೂ ಮೊದಲು ಹಾಕುವ ವೇಗದ ಜರಡಿ ಇಲ್ಲಿ ನಿರುಪಯೋಗಿ. ಅರ್ಧ ಗಂಟೆಗೆ 900 ಮೀಟರ್ ಎಂದರೆ ಗಂಟೆಗೆ 1.8 ಕಿಲೋಮೀಟರ್, ಯಾವ ನಾಯಿಯೂ ಆರಾಮಾಗಿ ನಡೆಯುವ ವೇಗ. ಐದು ನಿಮಿಷಕ್ಕೊಮ್ಮೆ ಬಿಂದು ಬಂದಿದ್ದರೆ ಗಂಟೆಗೆ 10.8 ಆಗಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚಿರುತ್ತಿತ್ತು. ಹೀಗಾಗಿ ಬೇರೆ ಸಾಕ್ಷ್ಯ ಬೇಕು: ಉಪಗ್ರಹಗಳ ಜೋಡಣೆಯಿಂದ ಸ್ಥಾನ ಎಷ್ಟು ತಪ್ಪಬಹುದು ಎಂದು ಸೂಚಿಸುವ `hdop` ಅಂಕಿ ಆ ಬಿಂದುವಿಗೆ ಎಷ್ಟು, ಎಷ್ಟು ಉಪಗ್ರಹ ಸಿಕ್ಕಿದ್ದವು, ಹೋದ ದಾರಿಯಲ್ಲೇ ನೇರ ಮರಳಿದೆಯೇ. ಪಟ್ಟಿ ಕಟ್ಟುವ ಮೊದಲೇ ಅದನ್ನು ಒಂದು ದಿನ ಅದೇ ಮಾಡಿನ ಕೆಳಗೆ, ಇನ್ನೊಂದು ದಿನ ಬಯಲಿನ ಕಲ್ಲಿನ ಮೇಲೆ ಇಟ್ಟು ಬಿಂದುಗಳು ಎಷ್ಟು ಚೆದುರುತ್ತವೆ ಎಂದು ಅಳೆದಿಟ್ಟುಕೊಂಡರೆ, ಯಾವ `hdop` ಮೇಲಿನದನ್ನು ಬಿಡಬೇಕು ಎಂಬುದಕ್ಕೆ ಸ್ವಂತ ಆಧಾರ ಸಿಗುತ್ತದೆ. ಕರ್ನೆಲ್‌ಗೆ ಇಂಥ ಒಂದೆರಡು ಬಿಂದುಗಳಿಂದ ಅಷ್ಟೇನೂ ಆಗದು. ಎಂಸಿಪಿಗೆ ಒಂದೇ ಬಿಂದು ಸಾಕು, ಅದರ ಗಡಿ ನಿಂತಿರುವುದೇ ಅಂಚಿನ ಬಿಂದುಗಳ ಮೇಲೆ.

ಪ್ರವಾಸವನ್ನು ಏನು ಮಾಡಬೇಕು

ಗುಟ್ಟಾಗಿ ಅಳಿಸಬಾರದು. 1943ರಲ್ಲಿ ಪ್ರಾಣಿವಿಜ್ಞಾನಿ ಬರ್ಟ್ ಕೊಟ್ಟ ವ್ಯಾಖ್ಯೆ ಈಗಲೂ ಬಳಕೆಯಲ್ಲಿದೆ: ಆಹಾರ ಹುಡುಕಲು, ಸಂಗಾತಿ ಕೂಡಲು, ಮರಿ ಸಾಕಲು ಪ್ರಾಣಿ ಎಂದಿನಂತೆ ಓಡಾಡುವ ಜಾಗವೇ ಹೋಮ್ ರೇಂಜ್, ಅಪರೂಪದ ಹೊರಹೋಗುವಿಕೆ ಅದರೊಳಗೆ ಸೇರುವುದಿಲ್ಲ. ಆ ಪ್ರಕಾರ 26ರಿಂದ 28ನೇ ದಿನದವರೆಗಿನ ಬಿಂದುಗಳನ್ನು ಬೇರೆ ಇಡಬಹುದು. ಆದರೆ ಪ್ರಶ್ನೆ ಏನು ಎಂಬುದು ಮುಖ್ಯ. ಕಾವಲಿನ ನರಿಗಳ ಮೇಲೆ ಈ ನಾಯಿಯ ದಿನನಿತ್ಯದ ಒತ್ತಡ ಕೇಳಿದರೆ ಪ್ರವಾಸ ಬೇಡ. ರೇಬೀಸ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹೋಗುತ್ತದೆ ಎಂದು ಕೇಳಿದರೆ ಬೇಕಾದದ್ದೇ ಆ ಮೂರು ದಿನ, ಹಟ್ಟಿಯ ಸುತ್ತಲಿನ ಓಡಾಟಕ್ಕಿಂತ ಅದೇ ಹೆಚ್ಚು ಹೇಳುತ್ತದೆ. ವರದಿಯಲ್ಲಿ ಎರಡನ್ನೂ ಬರೆಯಿರಿ: ನೆಲೆಸಿದ 37 ದಿನಗಳ ವ್ಯಾಪ್ತಿ ಇಷ್ಟು, ಇಂಥ ದಿನಾಂಕಗಳಲ್ಲಿ ಇಷ್ಟು ದೂರದ ಪ್ರವಾಸ, ಕಾರಣ ಇದು.

ಬೇರೆ ಮಾಡಿದ ನಂತರ ಉಳಿದ ಸುಮಾರು 1,730 ಬಿಂದುಗಳಿಗೆ ಎಂಸಿಪಿ 5.2, ಕರ್ನೆಲ್ 4.1 ಚದರ ಕಿಲೋಮೀಟರ್. ಈಗ ಸಂಖ್ಯೆಗಳು ಒಪ್ಪುವುದಿಲ್ಲ, ಆದರೆ ಆಕಾರಗಳು ಒಂದರ ಮೇಲೊಂದು ಕೂರುತ್ತವೆ. ನನಗೆ ಇದು ಮೊದಲಿನ ಒಪ್ಪಿಗೆಗಿಂತ ಹೆಚ್ಚು ನಂಬಿಕೆಯ ಸ್ಥಿತಿ.

ಉಳಿದ ಒಂದು ದೋಷ: ಬಿಂದುಗಳು ಸ್ವತಂತ್ರವಲ್ಲ

ಸೂತ್ರದಲ್ಲಿ `n` ಎಂದಿರುವುದು ಸ್ವತಂತ್ರ ಬಿಂದುಗಳ ಎಣಿಕೆ. ಅರ್ಧ ಗಂಟೆಯ ಹಿಂದೆ ತಿಪ್ಪೆಯ ಬಳಿ ಇದ್ದ ನಾಯಿ ಈಗಲೂ ಅಲ್ಲೇ ಹತ್ತಿರದಲ್ಲಿರುತ್ತದೆ, ಹೊಸ ಬಿಂದು ಹೊಸ ಸುದ್ದಿ ತರುವುದಿಲ್ಲ. ಪಟ್ಟಿಯನ್ನು ಐದು ನಿಮಿಷಕ್ಕೆ ಹೊಂದಿಸಿದರೆ `n` ಆರು ಪಟ್ಟಾಗುತ್ತದೆ, `h` ಕುಗ್ಗುತ್ತದೆ, ವ್ಯಾಪ್ತಿ ಚಿಕ್ಕದಾಗಿ ತೋರುತ್ತದೆ. ನಾಯಿ ಮಾತ್ರ ಅದೇ ಓಡಾಟ ಮಾಡಿರುತ್ತದೆ. ಅಂತರ ಬದಲಿಸಿದಾಗ ಉತ್ತರ ಬದಲಾಗುವುದೇ ಈ ದೋಷದ ಗುರುತು. ಎರಡು ಗಂಟೆಗೊಂದು ಬಿಂದು ಮಾತ್ರ ಇಟ್ಟುಕೊಂಡು ಲೆಕ್ಕ ಮರಳಿ ಹಾಕಿ ನೋಡಿ.

ಬಿಂದುಗಳನ್ನು ಎಸೆಯುವ ಬದಲು, ಅವುಗಳ ನಡುವಿನ ನಂಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ಕರ್ನೆಲ್ ಇದೆ. 2015ರಲ್ಲಿ ಫ್ಲೆಮಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನ `ctmm` ಪ್ಯಾಕೇಜಿನಲ್ಲಿದೆ. ಕೆಳಗಿನ `d37` ಎಂದರೆ ನೆಲೆಸಿದ 37 ದಿನಗಳ ದತ್ತಾಂಶ.

```r
library(ctmm)
tl <- as.telemetry(d37)
plot(variogram(tl))
m  <- ctmm.select(tl, ctmm.guess(tl, interactive = FALSE))
summary(akde(tl, m))
```

ಮೊದಲು ವೇರಿಯೋಗ್ರಾಮ್ ಗೆರೆ ನೋಡಬೇಕು, ಇಂತಿಷ್ಟು ಸಮಯದ ಅಂತರದಲ್ಲಿ ಬಿಂದುಗಳು ಎಷ್ಟು ದೂರ ಸರಿದಿವೆ ಎಂದು ಅದು ತೋರಿಸುತ್ತದೆ. ಸಮಯದ ಅಂತರ ಹೆಚ್ಚಿದಂತೆ ಏರಿ ಸಮತಟ್ಟಾದರೆ ಪ್ರಾಣಿ ನೆಲೆಸಿದೆ. ಏರುತ್ತಲೇ ಹೋದರೆ ಮುಂದಿನ ಸಾಲುಗಳನ್ನು ಓಡಿಸಿ ಪ್ರಯೋಜನವಿಲ್ಲ. ನಮ್ಮ ನಾಯಿಯ ಗೆರೆ ಒಂದು ದಿನದೊಳಗೆ ಸಮತಟ್ಟಾಗುತ್ತದೆ. ಫಲಿತಾಂಶದ `DOF` ಸಾಲಿನ `area` ಅಂಕಿಯೇ ಪರಿಣಾಮಕಾರಿ ಎಣಿಕೆ, ಇಲ್ಲಿ ಅದು ಸುಮಾರು 70. 1,730 ಬಿಂದುಗಳು ಎಪ್ಪತ್ತರಷ್ಟು ಸುದ್ದಿಯನ್ನು ಮಾತ್ರ ಹೊತ್ತಿವೆ. ಹಳೆಯ ಸೂತ್ರದಲ್ಲೇ 70 ಹಾಕಿ ನೋಡಿದರೆ `h` 110ರಿಂದ 190 ಮೀಟರಿಗೆ ಏರುತ್ತದೆ. ವ್ಯಾಪ್ತಿ 5.1 ಚದರ ಕಿಲೋಮೀಟರ್, ನಂಬಿಕೆಯ ಮಿತಿ 4.0ರಿಂದ 6.4. ಆ `area` ಅಂಕಿ ನಾಲ್ಕೋ ಐದೋ ಆಗಿದ್ದರೆ, ಸಾವಿರಾರು ಬಿಂದುಗಳಿದ್ದರೂ ದತ್ತಾಂಶ ಸಾಲದು. ಅದಕ್ಕೆ ಮದ್ದು ಹೆಚ್ಚು ದಿನಗಳ ದಾಖಲೆ, ದಿನಕ್ಕೆ ಹೆಚ್ಚು ಬಿಂದುಗಳಲ್ಲ. ಬ್ಯಾಟರಿ ಸೀಮಿತವಾಗಿದ್ದರೆ ನಾನು ಅಂತರ ಹೆಚ್ಚಿಸಿ ದಿನಗಳನ್ನು ಉಳಿಸಿಕೊಳ್ಳುತ್ತೇನೆ.

ಇಷ್ಟಾದರೂ ಸರಿಹೋಗದ ಒಂದು ವಿಷಯ ಬೇಲಿ. ಕಾವಲಿನ ಒಂದು ಬದಿಗೆ ನಾಯಿ ದಾಟಲಾಗದ ಗೋಡೆಯಿದ್ದರೆ ಎಂಸಿಪಿ ಅದನ್ನು ನೋಡುವುದಿಲ್ಲ. ಬಿಂದುಗಳು ಗೋಡೆಯ ಮೂಲೆಯನ್ನು ಸುತ್ತುವರಿದಿದ್ದರೆ ಗೋಡೆಯ ಒಳಗನ್ನೂ ನಾಯಿಯ ಲೆಕ್ಕಕ್ಕೆ ಬರೆಯುತ್ತದೆ. ಕರ್ನೆಲ್ ದಿಬ್ಬಗಳೂ ಗೋಡೆಯಾಚೆ ಸುಮಾರು `h` ದೂರಕ್ಕೆ ಸುರಿಯುತ್ತವೆ. ಗೋಡೆಯ ಗೆರೆಯನ್ನು ನಕ್ಷೆಗೆ ತಂದು ಆಚೆಯ ಭಾಗ ಕತ್ತರಿಸಿ, ಎಷ್ಟು ಕತ್ತರಿಸಿದಿರಿ ಎಂದು ಬರೆದಿಡಿ. ಕತ್ತರಿಸುವ ಮೊದಲು ಗೋಡೆಯುದ್ದಕ್ಕೂ ನಡೆದು ನೋಡುವುದು ಒಳ್ಳೆಯದು, ಮಳೆನೀರು ಹರಿಯಲು ಬಿಟ್ಟ ಕಿಂಡಿಯಲ್ಲಿ ನಾಯಿ ನುಸುಳುತ್ತದೆ.